₹99ರ ಫಿಟ್‌ನೆಸ್ ಆ್ಯಪ್‌ಗೆ ಮೂವತ್ತು ದಿನದ ಸೋಶಿಯಲ್ ಮೀಡಿಯಾ ಕ್ಯಾಲೆಂಡರ್: ಕೊನೆಯಿಂದ ಹಿಂದಕ್ಕೆ ತುಂಬುವ ಕ್ರಮ

ಹಾಸನದ ಕಡೆ ಹೊಸದಾಗಿ ಆ್ಯಪ್ ಮಾಡಿದವರು ತಂದು ತೋರಿಸುವ ಕ್ಯಾಲೆಂಡರ್‌ಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಮೂವತ್ತು ಚೌಕ, ಮೂವತ್ತು ಪೋಸ್ಟರ್. ಮೊದಲ ಹತ್ತರಲ್ಲಿ ‘ಶೀಘ್ರದಲ್ಲೇ ಬರಲಿದೆ’. ನಡುವೆ ‘ನೀರು ಕುಡಿಯಿರಿ’, ‘ಬೇಗ ಏಳಿ’. ಮೂವತ್ತನೇ ಚೌಕದಲ್ಲಿ ದಪ್ಪಕ್ಷರದಲ್ಲಿ ‘ಇಂದು ಬಿಡುಗಡೆ’.

ಎಡವಟ್ಟು ಇರುವುದು ಆ ಕೊನೆಯ ಚೌಕದಲ್ಲಿ. ಏಳು ದಿನ ಫ್ರೀ ಟ್ರಯಲ್ ಕೊಡುವ ಆ್ಯಪ್‌ನಲ್ಲಿ ಜನ ದುಡ್ಡು ಕೊಡಬೇಕೋ ಬೇಡವೋ ಅಂತ ತೀರ್ಮಾನ ಮಾಡುವುದು ಏಳನೇ ದಿನ. ಮೂವತ್ತನೇ ದಿನ ಬಿಡುಗಡೆ ಮಾಡಿದರೆ ಆ ತೀರ್ಮಾನ ಬೀಳುವುದು ಮೂವತ್ತೇಳನೇ ದಿನಕ್ಕೆ. ಅಷ್ಟರಲ್ಲಿ ಪೋಸ್ಟರ್ ಖಾಲಿ, ದುಡ್ಡು ಖಾಲಿ, ಟೀಮ್‌ನವರು ಮಾತಾಡಿಕೊಳ್ಳುವುದನ್ನೂ ಬಿಟ್ಟಿರುತ್ತಾರೆ. ‘ಇನ್‌ಸ್ಟಾಲ್ ಬಂತು, ದುಡ್ಡು ಮಾತ್ರ ಬರಲಿಲ್ಲ’ ಅನ್ನುವ ಮಾತು ಹುಟ್ಟುವುದೇ ಇಲ್ಲಿಂದ.

ಲೆಕ್ಕಕ್ಕೆ ಒಂದು ಆ್ಯಪ್ ಇಟ್ಟುಕೊಳ್ಳೋಣ. ಮೂರು ಜನರ ಟೀಮ್. ಒಬ್ಬ ಕೋಡ್ ಬರೆಯುವವನು, ಅವನಿಗೆ ಹಗಲು ಬೇರೆ ಕೆಲಸ ಇದೆ. ಒಬ್ಬರು ಜಿಮ್ ಟ್ರೇನರ್. ಇನ್ನೊಬ್ಬರು ಕ್ಯಾಮೆರಾ, ಮೆಸೇಜು ನೋಡಿಕೊಳ್ಳುವವರು. ಮನೆಯಲ್ಲೇ ದಿನಕ್ಕೆ ಹದಿನೈದು ನಿಮಿಷ, ಸಲಕರಣೆ ಬೇಡ, ಕನ್ನಡದಲ್ಲಿ ಎಣಿಕೆ. ಆಂಡ್ರಾಯ್ಡ್ ಮಾತ್ರ. ಏಳು ದಿನ ಫ್ರೀ, ಆಮೇಲೆ ತಿಂಗಳಿಗೆ ₹99. ಬೇಕಾದವರು ಹಾಸನ, ಚನ್ನರಾಯಪಟ್ಟಣ, ಅರಸೀಕೆರೆ ಕಡೆಯ 25ರಿಂದ 45 ವರ್ಷದ ಹೆಂಗಸರು. ಮನೆ, ಅಂಗಡಿ, ಗಾರ್ಮೆಂಟ್ಸ್ ಕೆಲಸದ ನಡುವೆ ಜಿಮ್‌ಗೆ ಹೋಗಲು ಆಗದವರು. ಪ್ರಚಾರಕ್ಕೆ ಇರುವ ದುಡ್ಡು ₹15,000.

## ಮೊದಲು ಕೈಲಿರಬೇಕಾದ ಸಾಮಾನು

ಒಂದು ಗೂಗಲ್ ಶೀಟ್. ಒಂದು ಟ್ರೈಪಾಡ್. ಕಾಲರ್‌ಗೆ ಸಿಕ್ಕಿಸುವ ಸಣ್ಣ ಮೈಕ್. ಮೈಕ್ ಇಲ್ಲದಿದ್ದರೆ ಫ್ಯಾನ್ ಸದ್ದಿನಲ್ಲಿ ಮಾತು ಮುಳುಗುತ್ತದೆ. ವಾಟ್ಸಾಪ್ ಬಿಸಿನೆಸ್ ಹಾಕಲು ಬೇರೆ ಸಿಮ್. ನಿಮ್ಮ ಸ್ವಂತ ನಂಬರ್ ಕೊಟ್ಟರೆ ಮೂರನೇ ದಿನಕ್ಕೇ ಪಶ್ಚಾತ್ತಾಪ ಪಡುತ್ತೀರಿ. ಇನ್‌ಸ್ಟಾಗ್ರಾಮ್‌ನಲ್ಲಿ ಪ್ರೊಫೆಷನಲ್ ಅಕೌಂಟ್ ಇರಲಿ, ಅದಿಲ್ಲದೆ ಅಂಕಿಅಂಶ ಸಿಗುವುದಿಲ್ಲ. ಆದರೆ ಬಿಸಿನೆಸ್ ಅಕೌಂಟ್‌ಗೆ ಸಿನಿಮಾ ಹಾಡುಗಳು ಬಹುತೇಕ ಸಿಗಲ್ಲ ಅನ್ನುವುದು ಈಗಲೇ ಗೊತ್ತಿರಲಿ. ಟ್ರೇನರ್ ‘ಒಂದು, ಎರಡು, ಮೂರು’ ಎಣಿಸುವ ದನಿಯೇ ನಿಮ್ಮ ಹಿನ್ನೆಲೆ ಸಂಗೀತ ಅಂದುಕೊಳ್ಳಿ. ಎಷ್ಟೋ ಸಲ ಹಾಡಿಗಿಂತ ಅದೇ ವಾಸಿ.

## ಹಂತ 1: ಆ್ಯಪ್ ಪಾಸಾಗುವ ತನಕ ದಿನ 1 ಅಂತ ಬರೆಯಬೇಡಿ

2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಅಕೌಂಟ್ ನಿಮ್ಮದಾದರೆ, ಗೂಗಲ್ ಪ್ಲೇ ನೇರವಾಗಿ ಬಿಡುಗಡೆಗೆ ಬಿಡುವುದಿಲ್ಲ. ಮೊದಲು ಕ್ಲೋಸ್ಡ್ ಟೆಸ್ಟಿಂಗ್ ಆಗಬೇಕು. ಕನಿಷ್ಠ 12 ಜನ, ಸತತ 14 ದಿನ ಟೆಸ್ಟ್‌ನಲ್ಲಿ ಇರಬೇಕು. ಅದಾದ ಮೇಲೆ ಅನುಮತಿಗೆ ಅರ್ಜಿ, ಆಮೇಲೆ ಪರಿಶೀಲನೆ. ಇದಕ್ಕೆ ಏಳು ದಿನ ಅಥವಾ ಅದಕ್ಕಿಂತ ಜಾಸ್ತಿ ಹಿಡಿಯಬಹುದು. ‘ನಾಳೆ ಬಿಡುಗಡೆ’ ಅಂತ ಪೋಸ್ಟರ್ ಹಾಕಿ, ಆ್ಯಪ್ ಮಾತ್ರ ಪರಿಶೀಲನೆಯಲ್ಲೇ ಕೂತಿರುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು.

ಟ್ರೇನರ್‌ನ ಜಿಮ್ ಬ್ಯಾಚ್‌ನಿಂದಲೇ ಹದಿನೆಂಟು ಇಪ್ಪತ್ತು ಜನರನ್ನು ಟೆಸ್ಟ್‌ಗೆ ಸೇರಿಸಿ. ಹನ್ನೆರಡೇ ಜನ ಇಟ್ಟುಕೊಂಡರೆ ಒಬ್ಬರು ನಡುವೆ ಹೊರಗೆ ಹೋದರೂ ಎಣಿಕೆ ಕೆಡುತ್ತದೆ. ಪ್ಲೇ ಕನ್ಸೋಲ್‌ನಲ್ಲಿ Managed publishing ಆನ್ ಮಾಡಿ. ಆಗ ಪರಿಶೀಲನೆ ಮುಗಿದರೂ ನೀವು ಒತ್ತುವ ತನಕ ಆ್ಯಪ್ ಹೊರಗೆ ಬರುವುದಿಲ್ಲ. ಆ ಸ್ಥಿತಿ ತಲುಪಿದ ಮೇಲೆ ಶೀಟ್ ತೆರೆಯಿರಿ.

## ಹಂತ 2: ಮೊದಲು ದುಡ್ಡು ಕಟ್ ಆಗುವ ದಿನ ಗುರುತು ಮಾಡಿ

ಶೀಟ್‌ನಲ್ಲಿ 1ರಿಂದ 30 ಬರೆದುಕೊಳ್ಳಿ. ಮೊದಲು ತುಂಬಬೇಕಾದ ಚೌಕ 22ನೆಯದು. ಅಲ್ಲಿ ‘ಮೊದಲ ಟ್ರಯಲ್ ಮುಗಿಯುತ್ತದೆ’ ಅಂತ ಹಾಕಿ. ಏಳು ದಿನ ಹಿಂದಕ್ಕೆ ಬಂದರೆ 15, ಅದೇ ಬಿಡುಗಡೆ ದಿನ. 22ನೇ ದಿನ ಸೇರಿದವರ ಟ್ರಯಲ್ 29ಕ್ಕೆ ಮುಗಿಯುತ್ತದೆ. ಅಂದರೆ ಸೇರಿದವರ ಎರಡು ಗುಂಪು ದುಡ್ಡು ಕೊಟ್ಟಿತೋ ಬಿಟ್ಟಿತೋ ಅನ್ನುವುದು ಈ ಮೂವತ್ತು ದಿನದ ಒಳಗೇ ನಿಮ್ಮ ಕಣ್ಣಿಗೆ ಬೀಳುತ್ತದೆ. ಮೊದಲ ಗುಂಪಿನಲ್ಲಿ ಕಂಡ ತಪ್ಪನ್ನು ಎರಡನೇ ಗುಂಪಿಗೆ ತಿದ್ದಬಹುದು.

ಈಗ ಇದನ್ನು ನಿಜವಾದ ತಾರೀಖಿಗೆ ಕೂರಿಸಬೇಕು. ಅಂಗಡಿ, ಗಾರ್ಮೆಂಟ್ಸ್, ಖಾಸಗಿ ಶಾಲೆಯವರಿಗೆ ಸಂಬಳ ಬರುವುದು ತಿಂಗಳ ಮೊದಲ ವಾರ. 25ನೇ ತಾರೀಖಿಗೆ ₹99 ಕಟ್ ಆಗುವ ಹಾಗಿದ್ದರೆ ಎಷ್ಟೋ ಜನರ ಖಾತೆಯಲ್ಲಿ ಅದೂ ಇರುವುದಿಲ್ಲ. ಇದ್ದರೂ ಕೊಡಲು ಮನಸ್ಸು ಬರಲ್ಲ. ಅದಕ್ಕೇ 15ನೇ ದಿನವನ್ನು ತಿಂಗಳ 28ರ ಆಸುಪಾಸಿನ ಸೋಮವಾರಕ್ಕೆ ಇಡಿ. ನಮ್ಮ ಉದಾಹರಣೆಯಲ್ಲಿ ಮೂವತ್ತು ದಿನದ ತಿಂಗಳು, 28 ಸೋಮವಾರ. ದಿನ 1 ಅಂದರೆ 14ನೇ ತಾರೀಖು. ದಿನ 22 ಮುಂದಿನ ತಿಂಗಳ 5. ದಿನ 30 ಅಂದರೆ 13. ಸೋಮವಾರವೇ ಯಾಕೆ ಅಂದರೆ, ವ್ಯಾಯಾಮ ಶುರು ಮಾಡುತ್ತೇನೆ ಅನ್ನುವವರೆಲ್ಲ ‘ಸೋಮವಾರದಿಂದ’ ಅಂತಲೇ ಹೇಳುವುದು.

ಪಂಚಾಂಗವನ್ನೂ ಒಮ್ಮೆ ತಿರುವಿ ಹಾಕಿ. ನಿಮಗೆ ನಂಬಿಕೆ ಇಲ್ಲದಿರಬಹುದು, ಆದರೆ ದುಡ್ಡು ಕೊಡುವವರಿಗೆ ಇದೆಯಲ್ಲ. ಅಮಾವಾಸ್ಯೆ ದಿನ, ಪಿತೃಪಕ್ಷದಲ್ಲಿ ‘ಹೊಸದು ಶುರು ಮಾಡಿ’ ಅಂತ ಕರೆದರೆ ನಮ್ಮ ಕಡೆ ಓಗೊಡುವವರು ಕಡಿಮೆ. ಹಾಸನಾಂಬ ಬಾಗಿಲು ತೆರೆದಿರುವ ದಿನಗಳಲ್ಲಿ ಊರಿನ ಪೇಜುಗಳೆಲ್ಲ ದರ್ಶನದ ಸಾಲಿನ ವಿಡಿಯೊದಲ್ಲೇ ತುಂಬಿರುತ್ತವೆ, ಅದರ ನಡುವೆ ನಿಮ್ಮ ಸ್ಕ್ವಾಟ್ ಯಾರೂ ನೋಡುವುದಿಲ್ಲ. ಗೌರಿ ಗಣೇಶ, ಯುಗಾದಿ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ವಾರಗಳೂ ಬೇಡ. ಮನೆಯಲ್ಲಿ ಹತ್ತನೇ ಕ್ಲಾಸಿನ ಮಗು ಇದ್ದರೆ ತಾಯಿಗೆ ಹದಿನೈದು ನಿಮಿಷ ಎಲ್ಲಿಂದ ಬರಬೇಕು?

## ಹಂತ 3: ಮೂವತ್ತಲ್ಲ, ಹದಿಮೂರು

ಮೂರು ಜನ ಬೇರೆ ಕೆಲಸದ ನಡುವೆ ದಿನಕ್ಕೊಂದು ರೀಲ್ ಮಾಡಲು ಆಗುವುದಿಲ್ಲ. ಒಂಬತ್ತನೇ ದಿನಕ್ಕೆ ನಿಲ್ಲುತ್ತದೆ. ನಿಂತ ಮೇಲೆ ತುಂಬಿಸಲು ಗುಡ್ ಮಾರ್ನಿಂಗ್ ಪೋಸ್ಟರ್ ಬರುತ್ತದೆ. ಅದಕ್ಕೆ ಮೊದಲೇ ಹದಿಮೂರು ರೀಲ್ ಅಂತ ನಿಗದಿ ಮಾಡಿ. ಬಿಡುಗಡೆ ತನಕ ಏಳು, ಟ್ರಯಲ್ ವಾರದ ಬುಧವಾರಕ್ಕೆ ಒಂದು. ಈ ಎಂಟನ್ನೂ ದಿನ 1ಕ್ಕಿಂತ ಮುಂಚೆ ಒಂದೇ ಸಲ ಕೂತು ಶೂಟ್ ಮಾಡಿ ಮುಗಿಸಿ. ಉಳಿದ ಐದನ್ನು ಈಗ ಮಾಡಬೇಡಿ, ಬರೆಯಲೂ ಬೇಡಿ. ಅವು ಬಳಸುವವರ ಪ್ರಶ್ನೆಯಿಂದ ಹುಟ್ಟಬೇಕು. ಅವಕ್ಕೆ 18ನೇ ದಿನ ಮಧ್ಯಾಹ್ನ ಎರಡು ಗಂಟೆಯಷ್ಟು ಹೊತ್ತು ಕಾದಿರಿಸಿ. ಜಿಮ್ ಮಧ್ಯಾಹ್ನ ಖಾಲಿ ಇರುವುದರಿಂದ ಟ್ರೇನರ್ ಬಿಡುವಾಗಿರುತ್ತಾರೆ.

ಶೀಟ್‌ನಲ್ಲಿ ಪ್ರತಿ ರೀಲ್‌ಗೂ ಐದು ಕಾಲಂ ಸಾಕು. ತಾರೀಖು, ನೋಡಿದವರ ತಲೆಯಲ್ಲಿ ಏಳುವ ಒಂದು ಪ್ರಶ್ನೆ, ಅದಕ್ಕೆ ರೀಲ್ ಕೊಡುವ ಉತ್ತರ, ಯಾರು ಮಾಡುತ್ತಾರೆ, ಯಾವ ಲಿಂಕ್. ಎರಡನೇ ಕಾಲಂ ತುಂಬಲು ಆಗದಿದ್ದರೆ ಆ ರೀಲ್ ಬೇಡ ಅಂತಲೇ ಅರ್ಥ. ‘ನೀರು ಕುಡಿಯಿರಿ’ ಪೋಸ್ಟರ್‌ಗೆ ಆ ಕಾಲಂನಲ್ಲಿ ಬರೆಯಲು ಏನೂ ಇರುವುದಿಲ್ಲ, ನೋಡಿ.

ಶೂಟಿಂಗ್‌ಗೆ ಜಿಲ್ಲಾ ಕ್ರೀಡಾಂಗಣ, ಮಹಾರಾಜ ಪಾರ್ಕ್ ಬೇಡ. ನೀವು ಮಾರುತ್ತಿರುವುದು ಮನೆಯಲ್ಲಿ ಮಾಡುವ ವ್ಯಾಯಾಮ. ಹಾಲ್‌ನಲ್ಲೇ ಮಾಡಿ. 9ನೇ ದಿನದ ರೀಲ್ ಹೇಗಿರಬೇಕು ಅಂತ ಪೂರ್ತಿ ಹೇಳುತ್ತೇನೆ.

ಪ್ರಶ್ನೆ: ‘ನಮ್ಮನೇಲಿ ಜಾಗ ಎಲ್ಲಿದೆ?’ ಫೋನ್ ಸೊಂಟದ ಎತ್ತರಕ್ಕೆ, ಉದ್ದಕ್ಕೆ ನಿಲ್ಲಿಸಿ. ಮೊದಲ ಎರಡು ಸೆಕೆಂಡ್ ಮುಖವೇ ಇಲ್ಲ. ಒಂದು ಕಾಲು ಟೀಪಾಯಿಯನ್ನು ಪಕ್ಕಕ್ಕೆ ತಳ್ಳುತ್ತದೆ, ನೆಲಕ್ಕೆ ಉಜ್ಜುವ ಆ ಸದ್ದು ಕೇಳಬೇಕು. ಪರದೆಯ ಮೇಲೆ ‘ಇಷ್ಟು ಜಾಗ ಸಾಕು’. ಮೂರನೇ ಸೆಕೆಂಡಿಗೆ ಟ್ರೇನರ್ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಗೋಡೆಗೆ ಒತ್ತಿ ಇಡುತ್ತಾರೆ. ಕುರ್ಚಿ ಜಾರಬಾರದಲ್ಲ, ಅದನ್ನು ತೋರಿಸಲೇಬೇಕು. ಕೂತು ಏಳುವ ವ್ಯಾಯಾಮ ಎಂಟು ಸಲ, ಚೂಡಿದಾರದಲ್ಲೇ, ಎಣಿಕೆ ಜೋರಾಗಿ. ಕೊನೆಯ ನಾಲ್ಕು ಸೆಕೆಂಡ್ ಆ್ಯಪ್ ಪರದೆ, ಅಲ್ಲೂ ಅದೇ ದನಿ ಎಣಿಸುತ್ತಿರುತ್ತದೆ. ಒಟ್ಟು ಇಪ್ಪತ್ತೈದು ಸೆಕೆಂಡ್ ಒಳಗೆ. ಅಕ್ಷರಗಳನ್ನು ಪರದೆಯ ತೀರಾ ಕೆಳಗೆ ಹಾಕಬೇಡಿ, ಇನ್‌ಸ್ಟಾಗ್ರಾಮ್‌ನ ಹೆಸರು, ಬಟನ್‌ಗಳು ಅಲ್ಲೇ ಕೂರುತ್ತವೆ.

ಒಂದು ಎಚ್ಚರಿಕೆ. ‘ಮೊದಲು ಹೀಗಿದ್ದೆ, ಈಗ ಹೀಗಾದೆ’ ಅನ್ನುವ ಜೋಡಿ ಫೋಟೊಗಳನ್ನು ಮಾಡಲೇ ಹೋಗಬೇಡಿ. ಮೆಟಾ ಜಾಹೀರಾತು ನಿಯಮದಲ್ಲಿ ತೂಕ ಇಳಿಸುವ ಇಂಥ ಹೋಲಿಕೆಗೆ ಅವಕಾಶ ಇಲ್ಲ. ದೇಹದ ಬಗ್ಗೆ ಹೀಯಾಳಿಸುವ ಧಾಟಿಗೂ ಇಲ್ಲ. ನಾಳೆ ಆ ರೀಲ್‌ಗೆ ದುಡ್ಡು ಹಾಕಲು ಹೋದರೆ ತಿರಸ್ಕೃತ ಆಗುತ್ತದೆ. ಅಲ್ಲದೆ ಎರಡು ವಾರದ ಹಿಂದೆ ಹುಟ್ಟಿದ ಆ್ಯಪ್‌ಗೆ ಅಂಥ ಫೋಟೊ ಎಲ್ಲಿಂದ ಬಂತು ಅಂತ ಯಾರಾದರೂ ಕೇಳದೆ ಇರಲ್ಲ.

## ಹಂತ 4: ದಿನ 1ರಿಂದ 14, ನಂಬರ್ ಕೂಡಿಸುವ ಕಾಲ

ಈ ಎರಡು ವಾರದ ಉದ್ದೇಶ ಫಾಲೋವರ್ಸ್ ಅಲ್ಲ. ಸುಮಾರು ಅರವತ್ತು ಜನ ‘ಸೋಮವಾರ ಶುರು ಮಾಡ್ತೀನಿ’ ಅಂತ ವಾಟ್ಸಾಪ್‌ನಲ್ಲಿ ಹೇಳುವ ಹಾಗೆ ಮಾಡುವುದು. ಅರವತ್ತಕ್ಕಿಂತ ಜಾಸ್ತಿ ಬಂದರೆ ಮೂರು ಜನರ ಟೀಮ್ ಒಬ್ಬೊಬ್ಬರಿಗೂ ಉತ್ತರ ಕೊಡುವುದು ಕಷ್ಟ.

ರೀಲ್‌ಗಳು ಮಂಗಳವಾರ, ಗುರುವಾರ, ಶನಿವಾರ. 2 ಮತ್ತು 4ನೇ ದಿನ ಆ್ಯಪ್ ಹೆಸರೇ ಬೇಡ, ನೋಡಿದವರು ಅಲ್ಲೇ ಮಾಡಬಹುದಾದ ಒಂದೊಂದು ಚಲನೆ ತೋರಿಸಿ. ಅಂಗಡಿಯಲ್ಲಿ ದಿನವಿಡೀ ನಿಲ್ಲುವವರಿಗೆ ಒಂದು, ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂರುವವರಿಗೆ ಒಂದು. 6ನೇ ದಿನ ಆ್ಯಪ್ ಯಾರಿಗೆ, ಯಾರಿಗಲ್ಲ ಅನ್ನುವುದು. ಬಾಡಿ ಬಿಲ್ಡಿಂಗ್ ಬೇಕಾದವರಿಗೆ ಇದಲ್ಲ ಅಂತ ನೇರವಾಗಿ ಹೇಳಿ. 9 ಟೀಪಾಯಿ. 11ನೇ ದಿನ ಬೆಲೆ. 13ನೇ ದಿನ ಫೋನಿನ ವಿಷಯ, ಅಂದರೆ ಆ್ಯಪ್ ಎಷ್ಟು ಎಂಬಿ, ನೆಟ್ ಇಲ್ಲದಾಗ ಓಡುತ್ತದೋ ಇಲ್ಲವೋ. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುತ್ತವೆ. ಅಲ್ಲಿಯವರಿಗೆ ಆಫ್‌ಲೈನ್ ಅನ್ನುವುದು ಬೇರೆಲ್ಲಕ್ಕಿಂತ ದೊಡ್ಡ ವಿಷಯ.

ಬೆಲೆಯನ್ನು ಬಿಡುಗಡೆ ದಿನಕ್ಕೆ ಮುಚ್ಚಿಡುವುದು ಕಡಿಮೆ ಬೆಲೆಯ ಆ್ಯಪ್‌ಗೆ ಮಾಡುವ ಅನ್ಯಾಯ. ನಿಮ್ಮ ಹತ್ತಿರ ಇರುವ ಬಲವೇ ಅದು. 11ನೇ ದಿನವೇ ₹99 ಅಂತ ಹೇಳಿ, ಏಳು ದಿನ ಆದ ಮೇಲೆ ತಾನಾಗಿ ಕಟ್ ಆಗುತ್ತದೆ ಅನ್ನುವುದನ್ನೂ ಅದೇ ರೀಲ್‌ನಲ್ಲಿ ಹೇಳಿ.

ವಾಟ್ಸಾಪ್‌ನಲ್ಲಿ ಸಾಮಾನ್ಯ ಗ್ರೂಪ್ ಮಾಡಬೇಡಿ. ಅದರಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ನಿಮ್ಮ ಗಿರಾಕಿಗಳು ಹೆಂಗಸರು. ಗೊತ್ತಿಲ್ಲದ ಗಂಡಸಿನಿಂದ ಒಂದೇ ಒಂದು ‘ಹಾಯ್’ ಬಂದರೆ ಸಾಕು, ನಾಲ್ಕು ಜನ ಹೊರಗೆ ಹೋಗುತ್ತಾರೆ, ಹೋಗುವಾಗ ಇನ್ನಿಬ್ಬರಿಗೆ ಹೇಳಿಯೇ ಹೋಗುತ್ತಾರೆ. ಬ್ರಾಡ್‌ಕಾಸ್ಟ್ ಲಿಸ್ಟ್ ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತದೆ. ಅದಕ್ಕೆ ಕಮ್ಯುನಿಟಿ ಮಾಡಿ, ಅದರ ಪ್ರಕಟಣೆಯ ಗ್ರೂಪ್ ಮಾತ್ರ ಬಳಸಿ. ಅಲ್ಲಿ ಸದಸ್ಯರ ನಂಬರ್ ಅಪರಿಚಿತ ಸದಸ್ಯರಿಗೆ ಕಾಣುವುದಿಲ್ಲ. ಪ್ರಶ್ನೆ ಇದ್ದವರು ನಿಮಗೆ ನೇರವಾಗಿ ಬರೆಯಲಿ.

12ನೇ ದಿನ, ಶುಕ್ರವಾರ, ಯಾರಿಗೂ ಹೇಳದೆ ಆ್ಯಪ್ ಪ್ರಕಟಿಸಿ. ಹೊಸ ಆ್ಯಪ್ ಪ್ಲೇ ಸ್ಟೋರ್‌ನಲ್ಲಿ ಹೆಸರು ಹುಡುಕಿದ ತಕ್ಷಣ ಸಿಗುವುದಿಲ್ಲ, ಸ್ವಲ್ಪ ಸಮಯ ಬೇಕು. ಕ್ಲೋಸ್ಡ್ ಟೆಸ್ಟ್‌ನಲ್ಲಿದ್ದಾಗ ಟೆಸ್ಟರ್‌ಗಳು ಬರೆದ ಅಭಿಪ್ರಾಯ ನಿಮಗಷ್ಟೇ ಕಾಣುತ್ತದೆ. ಈಗ ಅವರು ಟೆಸ್ಟ್‌ನಿಂದ ಹೊರಗೆ ಬಂದರೆ ಎಲ್ಲರಿಗೂ ಕಾಣುವ ಹಾಗೆ ವಿಮರ್ಶೆ ಬರೆಯಬಹುದು. ಬರೆಯಿರಿ ಅಂತ ಕೇಳಿ, ಐದು ಸ್ಟಾರ್ ಕೊಡಿ ಅಂತಾಗಲಿ, ಕೊಟ್ಟರೆ ಒಂದು ತಿಂಗಳು ಫ್ರೀ ಅಂತಾಗಲಿ ಹೇಳಬೇಡಿ. ಆಸೆ ತೋರಿಸಿ ವಿಮರ್ಶೆ ಪಡೆಯುವುದು ಗೂಗಲ್ ನಿಯಮಕ್ಕೆ ವಿರುದ್ಧ. ಏನಾದರೂ ಕೈಕೊಟ್ಟರೆ ತಿದ್ದಲು ಕೋಡ್ ಬರೆಯುವವನಿಗೆ ಶನಿವಾರ, ಭಾನುವಾರ ಇರುತ್ತದೆ. ಶುಕ್ರವಾರ ಆರಿಸಿದ್ದು ಅದಕ್ಕೇ.

## ಹಂತ 5: ಪ್ರತಿ ಬಾಗಿಲಿಗೂ ಬೇರೆ ಲಿಂಕ್

ರೀಲ್‌ನ ಕ್ಯಾಪ್ಶನ್‌ನಲ್ಲಿ ಹಾಕಿದ ಲಿಂಕ್ ಒತ್ತಲು ಬರುವುದಿಲ್ಲ. ಯೂಟ್ಯೂಬ್ ಶಾರ್ಟ್ಸ್‌ನ ವಿವರಣೆಯಲ್ಲೂ 2023ರ ಆಗಸ್ಟ್ ಕೊನೆಯಿಂದ ಬರುವುದಿಲ್ಲ. ಲಿಂಕ್ ಕೆಲಸ ಮಾಡುವುದು ಇನ್‌ಸ್ಟಾಗ್ರಾಮ್ ಬಯೋದಲ್ಲಿ, ಸ್ಟೋರಿಯ ಲಿಂಕ್ ಸ್ಟಿಕ್ಕರ್‌ನಲ್ಲಿ, ವಾಟ್ಸಾಪ್‌ನಲ್ಲಿ. ಈ ಮೂರಕ್ಕೂ ಬೇರೆ ಬೇರೆ ಗುರುತು ಹಾಕಿದ ಲಿಂಕ್ ಕೊಡಿ:

```
https://play.google.com/store/apps/details?id=com.example.app&referrer=utm_source%3Dwhatsapp%26utm_campaign%3Ddina15
```

`com.example.app` ಜಾಗದಲ್ಲಿ ನಿಮ್ಮ ಆ್ಯಪ್‌ನ ಐಡಿ ಬರಲಿ. `whatsapp` ಜಾಗದಲ್ಲಿ ಬಯೋಗೆ `instabio`, ಸ್ಟೋರಿಗೆ `instastory`. ಯಾವ ಬಾಗಿಲಿಂದ ಎಷ್ಟು ಜನ ಬಂದರು ಅಂತ ಪ್ಲೇ ಕನ್ಸೋಲ್‌ನ ವರದಿಯಲ್ಲಿ ಇದೇ ಹೆಸರಲ್ಲಿ ಸಿಗುತ್ತದೆ. ಹಾಕುವ ಮುಂಚೆ ಟೀಮ್‌ನ ಹೊರಗಿನವರ ಫೋನ್‌ನಲ್ಲಿ ಒಮ್ಮೆ ಒತ್ತಿ ನೋಡಿ.

## ಹಂತ 6: ದಿನ 15

ಬೆಳಗ್ಗೆ ಐದೂವರೆಗೆ ಕಮ್ಯುನಿಟಿಗೆ ಲಿಂಕ್ ಹೋಗಲಿ, ಸಾರ್ವಜನಿಕ ಪೋಸ್ಟ್ ಆಮೇಲೆ. ಹೆಸರು ಕೊಟ್ಟವರು ಮೊದಲು ಬರಬೇಕು. ಇನ್‌ಸ್ಟಾಲ್‌ನಲ್ಲಿ ತೊಂದರೆ ಇದ್ದರೆ ಅರವತ್ತು ಜನರಲ್ಲೇ ಗೊತ್ತಾಗಿಬಿಡಲಿ. ಮಧ್ಯಾಹ್ನ ಊಟದ ಹೊತ್ತಿಗೆ ಸ್ಟೋರಿ, ರಾತ್ರಿ ಒಂಬತ್ತಕ್ಕೆ ರೀಲ್. ಹೊಸ ಅಕೌಂಟ್‌ಗೆ ಯಾವ ಹೊತ್ತು ಒಳ್ಳೆಯದು ಅಂತ ಅಂಕಿಅಂಶ ಇನ್ನೂ ಇರುವುದಿಲ್ಲ. ಅಡುಗೆಮನೆ ಕೆಲಸ ಮುಗಿದ ಹೊತ್ತು ಅಂತ ಅಂದಾಜಿನಲ್ಲಿ ಶುರು ಮಾಡಿ, ಎರಡು ವಾರದ ಮೇಲೆ ಇನ್‌ಸೈಟ್ಸ್ ನೋಡಿ ಬದಲಿಸಿ.

ಉತ್ತರ ಕೊಡುವವರು ಒಬ್ಬರೇ ಇರಲಿ. ವಾಟ್ಸಾಪ್ ಬಿಸಿನೆಸ್‌ನ ಕ್ವಿಕ್ ರಿಪ್ಲೈನಲ್ಲಿ ನಾಲ್ಕೈದು ಉತ್ತರ ಮೊದಲೇ ಬರೆದಿಡಿ: ಐಫೋನ್‌ಗೆ ಇದೆಯಾ, ದುಡ್ಡು ಯಾವಾಗ ಕಟ್ ಆಗುತ್ತೆ, ಲಾಗಿನ್ ಆಗ್ತಿಲ್ಲ, ಇಂಥವು. ‘ಬಿಪಿ ಇದೆ, ಮಾಡಬಹುದಾ?’, ‘ಹೆರಿಗೆ ಆಗಿ ಮೂರು ತಿಂಗಳು, ಮಾಡಬಹುದಾ?’ ಅನ್ನುವುದಕ್ಕೆ ಉತ್ತರ ಒಂದೇ. ನಿಮ್ಮ ಡಾಕ್ಟರ್ ಹತ್ತಿರ ಕೇಳಿ, ಅವರು ಹೂಂ ಅಂದ ಮೇಲೆ ಶುರು ಮಾಡಿ. ಗಿರಾಕಿ ಕೈತಪ್ಪಿದರೂ ಪರವಾಗಿಲ್ಲ.

## ಹಂತ 7: ದಿನ 16ರಿಂದ 22, ಎಲ್ಲ ನಿರ್ಧಾರ ಆಗುವ ವಾರ

ಹೆಚ್ಚಿನ ಕ್ಯಾಲೆಂಡರ್‌ಗಳು ಖಾಲಿ ಇರುವುದು ಈ ವಾರದಲ್ಲೇ. ಹೊಸಬರು ಬಿಡುವುದೂ ಈ ವಾರದಲ್ಲೇ. ಎರಡು ಜಾಗದಲ್ಲಿ ಬಿಡುತ್ತಾರೆ.

ಮೊದಲನೆಯದು ಮೈಕೈ ನೋವು. ತುಂಬ ದಿನದ ಮೇಲೆ ವ್ಯಾಯಾಮ ಮಾಡಿದರೆ ಸ್ನಾಯು ನೋವು ಅವತ್ತೇ ಬರುವುದಿಲ್ಲ. ಜೋರಾಗುವುದು ಒಂದರಿಂದ ಮೂರು ದಿನದ ಒಳಗೆ. ಸೋಮವಾರ ಶುರು ಮಾಡಿದವರಿಗೆ ಬುಧವಾರ ಬೆಳಗ್ಗೆ ಮೆಟ್ಟಿಲು ಇಳಿಯಲು ಆಗುವುದಿಲ್ಲ. ‘ನಂಗೆ ಇದೆಲ್ಲ ಆಗಿಬರಲ್ಲ’ ಅಂತ ಆ್ಯಪ್ ತೆಗೆಯುವುದೇ ಆ ಹೊತ್ತಿಗೆ. ಅದಕ್ಕೇ 17ನೇ ದಿನದ, ಬುಧವಾರದ ರೀಲ್ ಬಿಡುಗಡೆಯ ರೀಲ್‌ಗಿಂತ ಮುಖ್ಯ. ಅದನ್ನು ರಾತ್ರಿ ಒಂಬತ್ತಕ್ಕೆ ಅಲ್ಲ, ಬೆಳಗ್ಗೆ ಆರಕ್ಕೆ ಹಾಕಿ. ಟ್ರೇನರ್ ಮೆಟ್ಟಿಲ ಮೇಲೆ ಕೂತು ಮಾತಾಡಲಿ: ತೊಡೆ ಹಿಡಿದುಕೊಂಡಿದ್ದರೆ ಅದು ಸಹಜ, ಇವತ್ತು ಪೂರ್ತಿ ಬಿಡಬೇಡಿ, ಮೆಲ್ಲಗೆ ಐದು ನಿಮಿಷದ್ದು ಮಾಡಿ. ಆ್ಯಪ್‌ನಲ್ಲಿ ಮೂರನೇ ದಿನದ ವ್ಯಾಯಾಮವೂ ಅದಕ್ಕೆ ತಕ್ಕ ಹಾಗೆ ಹಗುರಾಗಿರಬೇಕು, ಇದನ್ನು ಕೋಡ್ ಬರೆಯುವವನಿಗೆ ಮೊದಲೇ ಹೇಳಿರಿ. ಎದೆ ನೋವು, ತಲೆ ಸುತ್ತು, ಕೀಲಿನಲ್ಲಿ ಚುಚ್ಚುವ ನೋವು ಬಂದರೆ ಮಾತ್ರ ನಿಲ್ಲಿಸಿ ಡಾಕ್ಟರ್ ನೋಡಬೇಕು ಅನ್ನುವುದೂ ಅದೇ ರೀಲ್‌ನಲ್ಲಿ ಬರಲಿ.

ಅವತ್ತು ಬರುವ ಮೆಸೇಜ್‌ಗಳು ಹೀಗಿರುತ್ತವೆ: ‘ಅಣ್ಣ, ಕಾಲು ಹಿಡ್ಕೊಂಡಿದೆ. ಇವತ್ತೂ ಮಾಡ್ಲಾ, ಬೇಡ್ವಾ?’ ಉತ್ತರ ಎರಡೇ ಸಾಲು: ‘ಅಕ್ಕ, ಮಂಡಿ ನೋವಾ, ತೊಡೆ ನೋವಾ? ತೊಡೆ ಆದ್ರೆ ಇವತ್ತಿನ ಐದು ನಿಮಿಷದ್ದು ಮಾಡಿ ಸಂಜೆ ಹೇಳಿ.’ ಸಂಜೆ ಅವರು ಹೇಳದಿದ್ದರೆ ನೀವೇ ಕೇಳಿ. ಈ ಪ್ರಶ್ನೆಗಳನ್ನು ಶೀಟ್‌ನ ಕೆಳಗೆ ಅವರ ಮಾತಿನಲ್ಲೇ ಬರೆದುಕೊಳ್ಳಿ. 18ನೇ ದಿನದ ಶೂಟಿಂಗ್‌ಗೆ ವಿಷಯ ಇವೇ. ಹೆಸರು, ಫೋಟೊ, ಮೆಸೇಜಿನ ಸ್ಕ್ರೀನ್‌ಶಾಟ್ ಮಾತ್ರ ಕೇಳದೆ ಹಾಕಬಾರದು.

ಎರಡನೆಯ ಜಾಗ ದುಡ್ಡು ಕಟ್ ಆಗುವ ಹಿಂದಿನ ದಿನ. ಆಟೊಪೇ ಮೂಲಕ ದುಡ್ಡು ಹೋಗುವ ಮುಂಚೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಬೇಕು ಅನ್ನುವುದು ರಿಸರ್ವ್ ಬ್ಯಾಂಕ್ ನಿಯಮ. ಅಂದರೆ 22ನೇ ದಿನ ಟ್ರಯಲ್ ಮುಗಿಯುವವರಿಗೆ 21ನೇ ದಿನದ ಹೊತ್ತಿಗೆ ‘ನಿಮ್ಮ ಖಾತೆಯಿಂದ ₹99…’ ಅಂತ ಮೆಸೇಜ್ ಬಂದಿರುತ್ತದೆ. ಮರೆತಿದ್ದವರಿಗೆ ಅದು ಮೋಸದ ಹಾಗೆ ಕಾಣುತ್ತದೆ. ಆ ಮೆಸೇಜ್‌ಗಿಂತ ಮೊದಲು ನಿಮ್ಮದು ಹೋಗಬೇಕು. 20ನೇ ದಿನ, ಶನಿವಾರ, ರೀಲ್ ಮತ್ತು ಕಮ್ಯುನಿಟಿ ಮೆಸೇಜ್ ಎರಡೂ ಅದರ ಬಗ್ಗೆಯೇ ಇರಲಿ:

‘ಸೋಮವಾರ ಶುರು ಮಾಡಿದವರಿಗೆ ಈ ಸೋಮವಾರ ₹99 ಕಟ್ ಆಗುತ್ತೆ. ಬ್ಯಾಂಕಿನಿಂದ ಮೊದಲೇ ಮೆಸೇಜ್ ಬರುತ್ತೆ, ಗಾಬರಿ ಬೇಡ. ಬೇಡ ಅನ್ನಿಸಿದರೆ ಪ್ಲೇ ಸ್ಟೋರ್ ತೆರೆದು, ಮೇಲಿರುವ ನಿಮ್ಮ ಫೋಟೊ ಒತ್ತಿ, Payments & subscriptions, ಅದರಲ್ಲಿ Subscriptions, ನಮ್ಮ ಆ್ಯಪ್ ಆರಿಸಿ Cancel ಒತ್ತಿ. ಬರೀ ಆ್ಯಪ್ ಡಿಲೀಟ್ ಮಾಡಿದರೆ ರದ್ದಾಗುವುದಿಲ್ಲ.’

ಕೊನೆಯ ಸಾಲು ಬಿಡಬೇಡಿ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಸಬ್‌ಸ್ಕ್ರಿಪ್ಷನ್ ನಿಲ್ಲುವುದಿಲ್ಲ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ‘ಡಿಲೀಟ್ ಮಾಡಿದ್ರೂ ದುಡ್ಡು ಹೋಯ್ತು, ಕಳ್ಳರು’ ಅಂತ ಒಂದು ಸ್ಟಾರ್ ಬಿದ್ದರೆ, ಹತ್ತು ವಿಮರ್ಶೆ ಇರುವ ಹೊಸ ಆ್ಯಪ್‌ನಲ್ಲಿ ಮೊದಲು ಕಾಣುವುದೇ ಅದು. ರದ್ದು ಮಾಡುವ ದಾರಿ ನಾವೇ ತೋರಿಸುವುದಾ ಅಂತ ಟೀಮ್‌ನಲ್ಲಿ ಜಗಳ ಆಗುತ್ತದೆ, ಆಗಲಿ. ಬೇಡ ಅಂದುಕೊಂಡವರು ಹೇಗೂ ಉಳಿಯುವುದಿಲ್ಲ. ಕೋಪ ಮಾಡಿಕೊಂಡು ಹೋಗುವ ಬದಲು ಸುಮ್ನೆ ಹೋಗಲಿ, ಅಷ್ಟೇ.

## ಹಂತ 8: ₹15,000 ಎಲ್ಲಿಗೆ, ಯಾವಾಗ

23ನೇ ದಿನದ ತನಕ ಜಾಹೀರಾತಿಗೆ ಒಂದು ರೂಪಾಯಿಯೂ ಬೇಡ. ಯಾವ ರೀಲ್ ಕೆಲಸ ಮಾಡಿತು, ಟ್ರಯಲ್‌ನಿಂದ ಎಷ್ಟು ಜನ ಉಳಿದರು ಅಂತ ಗೊತ್ತಿಲ್ಲದೆ ಹಾಕುವ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಆ ಮೇಲೂ ₹3,000ದ ತುಂಡುಗಳಲ್ಲಿ ಹಾಕಿ, 18% ಜಿಎಸ್‌ಟಿ ಬೇರೆ ಇರುತ್ತದೆ.

ಲೆಕ್ಕ ಹೀಗೆ ಮಾಡಿ. ₹3,000ಕ್ಕೆ 200 ಇನ್‌ಸ್ಟಾಲ್ ಬಂತು ಅಂತ ಇಟ್ಟುಕೊಳ್ಳಿ. ಟ್ರಯಲ್ ಶುರು ಮಾಡಿದವರು 40, ದುಡ್ಡು ಕೊಟ್ಟವರು 8. ಅಲ್ಲಿಗೆ ಒಬ್ಬ ಗಿರಾಕಿಗೆ ₹375 ಖರ್ಚಾಯಿತು. ಸ್ಟೋರ್ ಶುಲ್ಕ 15% ಅಂತ ಹಿಡಿದರೆ ₹99ರಲ್ಲಿ ನಿಮಗೆ ಉಳಿಯುವುದು ₹84 ಚಿಲ್ಲರೆ, ತೆರಿಗೆ ಇನ್ನೂ ಬಾಕಿ. ಅವರು ಐದನೇ ತಿಂಗಳೂ ಇದ್ದರೆ ಮಾತ್ರ ಹಾಕಿದ ದುಡ್ಡು ವಾಪಸ್. ₹99ರ ಆ್ಯಪ್ ಜಾಹೀರಾತಿನ ಮೇಲೆ ಬದುಕುವುದು ಕಷ್ಟ ಅನ್ನುವುದು ಈ ನಾಲ್ಕು ಸಾಲಿನಲ್ಲೇ ಇದೆ. ಜಾಹೀರಾತಿಗೆ ಹೆಚ್ಚೆಂದರೆ ₹6,000 ಇಟ್ಟು, ಮೈಕ್, ಟ್ರೈಪಾಡ್‌ಗೆ ₹3,000 ತೆಗೆಯಿರಿ. ಉಳಿದದ್ದು ಒಂದು ಊರಿನ ಪೇಜಿನವರ ಜೊತೆ ಸೇರಿ ಮಾಡುವ ಒಂದು ರೀಲ್‌ಗೆ. ಆ ರೀಲ್‌ನಲ್ಲಿ ಇದು ಜಾಹೀರಾತು ಅಂತ ಗುರುತು ಇರಲೇಬೇಕು. ದುಡ್ಡು ಕೊಡದೆ ಬರೀ ಆರು ತಿಂಗಳು ಫ್ರೀ ಕೊಟ್ಟಿದ್ದರೂ ಗುರುತು ಬೇಕು, ಜಾಹೀರಾತುಗಳ ಮೇಲೆ ಕಣ್ಣಿಡುವ ಸಂಸ್ಥೆ ಎಎಸ್‌ಸಿಐನ ನಿಯಮ ಹಾಗಿದೆ.

ಜಾಹೀರಾತು ಹಾಕುವಾಗ ರೀಲ್ ಕೆಳಗಿನ ಬೂಸ್ಟ್ ಬಟನ್ ಒತ್ತಿ ಕೈತೊಳೆದುಕೊಳ್ಳಬೇಡಿ. ಗುರಿ ಏನು ಅಂತ ನೋಡದೆ ಒತ್ತಿದರೆ ಬರುವುದು ಪ್ರೊಫೈಲ್ ನೋಡಿ ಹೋಗುವವರು. ಆ್ಯಡ್ಸ್ ಮ್ಯಾನೇಜರ್‌ನಲ್ಲಿ ಲಿಂಕ್ ಒತ್ತಿಸುವ ಗುರಿ ಆರಿಸಿ, ಜಾಗ ಹಾಸನ ಮತ್ತು ಸುತ್ತಲಿನ ತಾಲ್ಲೂಕು ಅಂತ ಹಾಕಿ, ವಯಸ್ಸು 25ರಿಂದ ಮೇಲೆ. ಕರ್ನಾಟಕ ಪೂರ್ತಿ ಅಂತ ಬಿಟ್ಟರೆ ದುಡ್ಡೆಲ್ಲ ಬೆಂಗಳೂರು ನುಂಗುತ್ತದೆ.

## ಹಂತ 9: ದಿನ 23ರಿಂದ 30, ಅಪಾಯದ ಗುರುತುಗಳು

22, 24, 26, 29ನೇ ದಿನ ಉಳಿದ ನಾಲ್ಕು ರೀಲ್. ಪ್ರತಿ ರಾತ್ರಿ ನಾಲ್ಕು ಅಂಕಿ ಮಾತ್ರ ಬರೆಯಿರಿ: ಇನ್‌ಸ್ಟಾಲ್, ಮೊದಲ ವ್ಯಾಯಾಮ ಮುಗಿಸಿದವರು, ಟ್ರಯಲ್ ರದ್ದು ಮಾಡಿದವರು, ದುಡ್ಡು ಕೊಟ್ಟವರು. ಲೈಕ್ ಎಣಿಸುವುದು ಬೇಡ.

ಇನ್‌ಸ್ಟಾಲ್ ಚೆನ್ನಾಗಿದೆ, ಮೊದಲ ವ್ಯಾಯಾಮ ಮುಗಿಸಿದವರು ಅರ್ಧಕ್ಕಿಂತ ಕಡಿಮೆ ಅಂದರೆ ತೊಂದರೆ ರೀಲ್‌ನಲ್ಲಿಲ್ಲ. ಆ್ಯಪ್ ತೆರೆದ ಮೊದಲ ಎರಡು ನಿಮಿಷದಲ್ಲಿದೆ. ಎತ್ತರ, ತೂಕ, ಇಮೇಲ್ ಅಂತ ಕೇಳುತ್ತಾ ಹೋಗುತ್ತಿದ್ದೀರಿ ಅನ್ನಿಸುತ್ತದೆ. ರೀಲ್ ನಿಲ್ಲಿಸಿ, ಅದನ್ನು ತಿದ್ದಿ. ಕಾಮೆಂಟ್‌ಗಳಲ್ಲಿ ‘ರೇಟ್ ಎಷ್ಟು?’ ಅಂತ ಪದೇ ಪದೇ ಬಂದರೆ ಬೆಲೆಯ ರೀಲ್ ಕೆಳಗೆ ಹೋಗಿದೆ ಅಂತ, ಅದನ್ನು ಪ್ರೊಫೈಲ್‌ನ ಮೇಲೆ ಪಿನ್ ಮಾಡಿ. ವೀಕ್ಷಣೆ ಸಾವಿರಗಟ್ಟಲೆ ಇದ್ದು, ಇನ್‌ಸೈಟ್ಸ್‌ನಲ್ಲಿ ಊರುಗಳ ಪಟ್ಟಿಯಲ್ಲಿ ಹಾಸನವೇ ಇಲ್ಲದಿದ್ದರೆ ರೀಲ್ ತಪ್ಪು ಜನರಿಗೆ ಓಡುತ್ತಿದೆ. ಮುಂದಿನದರಲ್ಲಿ ಊರಿನ ಹೆಸರು ಮೊದಲ ಸಾಲಿನಲ್ಲೇ ಬರಲಿ, ಮಾತೂ ಇಲ್ಲಿಯದೇ ಇರಲಿ.

22ರಂದು ದುಡ್ಡು ಕೊಟ್ಟವರು ತೀರಾ ಕಡಿಮೆ ಇದ್ದರೆ, ರದ್ದು ಮಾಡಿದ ಹತ್ತು ಜನರಿಗೆ ಫೋನ್ ಅಲ್ಲ, ಮೆಸೇಜ್ ಮಾಡಿ ಕೇಳಿ: ಎಷ್ಟನೇ ದಿನ ಬಿಟ್ಟಿರಿ? ಯಾಕೆ ಅಂತ ಕೇಳಿದರೆ ‘ಟೈಮ್ ಇಲ್ಲ’ ಅಂತಾರೆ. ಎಷ್ಟನೇ ದಿನ ಅಂದರೆ ನಿಜ ಹೇಳುತ್ತಾರೆ. ಉತ್ತರ ಮೂರನೇ ದಿನ ಅಂತ ಬಂದರೆ ವ್ಯಾಯಾಮ ಹಗುರ ಮಾಡಬೇಕು. ಆರನೇ ದಿನ ಅಂತ ಬಂದರೆ ಬೆಲೆಯ ಮಾತು ಸರಿಯಾಗಿ ಮುಟ್ಟಿಲ್ಲ, 27ನೇ ದಿನದ ಮೆಸೇಜ್ ತಿದ್ದಿ ಬರೆಯಿರಿ. ಎರಡನೇ ಗುಂಪಿಗೆ ದುಡ್ಡು ಕಟ್ ಆಗುವುದು 29ಕ್ಕೆ.

30ನೇ ದಿನ ಪೋಸ್ಟ್ ಏನೂ ಬೇಡ. ಅವತ್ತು ಹೊಸ ಶೀಟ್ ತೆರೆದು, ಮೊದಲ ಗುಂಪಿಗೆ ಎರಡನೇ ಸಲ ₹99 ಕಟ್ ಆಗುವ ತಾರೀಖನ್ನು, ಅಂದರೆ ಮುಂದಿನ ತಿಂಗಳ 5ನ್ನು, ಮೊದಲು ಗುರುತು ಮಾಡಿ. ಅದಕ್ಕೆ ಎರಡು ದಿನ ಮುಂಚೆ ಹೋಗಬೇಕಾದ ಮೆಸೇಜ್‌ನಿಂದ ಹಿಂದಕ್ಕೆ ತುಂಬುತ್ತಾ ಬನ್ನಿ.